ಆ ಎರಡು ಬೆಳ್ಳಿ ನಾಣ್ಯಗಳು

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಪ್ರಯಾಣಿಕನೊಬ್ಬ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಮೂರನೆಯ ಶತಮಾನದಲ್ಲಿ ಈ ಕಥೆಯ ಮೇಲೆ ಪ್ರವಚನ ಮಾಡಿದ ಒರಿಜೆನ್, ತನಗಿಂತ ಹಿಂದಿನ ಹಿರಿಯನೊಬ್ಬನ ವಿವರಣೆಯನ್ನು ನೆನೆದು, ಆ ಎರಡು ನಾಣ್ಯಗಳೆಂದರೆ ತಂದೆಯಾದ ದೇವರು ಮತ್ತು ಮಗನಾದ ಕ್ರಿಸ್ತ ಎಂದ. ಸುಮಾರು 400ರ ಹೊತ್ತಿಗೆ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಅದೇ ನಾಣ್ಯಗಳಿಗೆ ಬೇರೆ ಅರ್ಥ ಹೇಳಿದ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂಬ ಎರಡು ಕಟ್ಟಳೆಗಳು ಅವು. ಇಲ್ಲವೇ ಈ ಬಾಳಿನ ಮತ್ತು ಬರಲಿರುವ ಬಾಳಿನ ಭರವಸೆಗಳು ಎಂದು ಬರೆದ. ಆ ಛತ್ರದವನನ್ನೇ ಕೇಳಿದ್ದರೆ, ಇದು ಕೆಲವು ದಿನಗಳ ಊಟ, ಹಾಸಿಗೆ, ಆರೈಕೆಗೆ ಕೊಟ್ಟ ಮುಂಗಡ ಎನ್ನುತ್ತಿದ್ದ.

ಒಂದೇ ಕಥೆ, ಒಂದೇ ಹಣ, ಇಷ್ಟು ಅರ್ಥ. ಇವುಗಳಲ್ಲಿ ಯಾವುದು ಸರಿ ಎಂದು ಹೈಸ್ಕೂಲು ಹುಡುಗಿಯೊಬ್ಬಳು ಕೇಳಿದರೆ ಮೇಷ್ಟರು ಏನು ಹೇಳಬೇಕು? ಎಲ್ಲವೂ ಸರಿ ಎಂದುಬಿಟ್ಟರೆ ಓದುವುದನ್ನು ಕಲಿಸಿದಂತಾಗುವುದಿಲ್ಲ. ಒಂದೇ ಸರಿ ಎಂದರೆ ಎರಡು ಸಾವಿರ ವರ್ಷಗಳ ಓದುಗರನ್ನು ತಳ್ಳಿಹಾಕಿದಂತೆ. ಮಧ್ಯಯುಗದ ಯೂರೋಪಿನ ಪಾಠಶಾಲೆಗಳು ಪವಿತ್ರಗ್ರಂಥದ ಮಾತಿಗೆ ಹಲವು ಪದರಗಳನ್ನು ಗುರುತಿಸುತ್ತಿದ್ದವು. ಅವುಗಳಲ್ಲಿ ನಮ್ಮ ತರಗತಿಗೆ ಬೇಕಾದವು ಮೂರು. ಕಥೆಯಲ್ಲಿ ನಡೆದದ್ದೇನು ಎಂಬುದು ವಾಚ್ಯಾರ್ಥ. ನಡೆದದ್ದು ಇನ್ನಾವುದನ್ನು ಸೂಚಿಸುತ್ತದೆ ಎಂಬುದು ಸಂಕೇತಾರ್ಥ. ಕೇಳಿದವನು ಏನು ಮಾಡಬೇಕು ಎಂಬುದು ನೀತಿಯ ಅರ್ಥ. ತರಗತಿಯಲ್ಲಿ ಮೂರನೆಯದಕ್ಕೆ ಅವಸರ, ಎರಡನೆಯದಕ್ಕೆ ಉತ್ಸಾಹ, ಮೊದಲನೆಯದಕ್ಕೆ ಮಾತ್ರ ಸಮಯವಿಲ್ಲ. ಉಳಿದೆರಡಕ್ಕೂ ಲಗಾಮು ಇರುವುದು ಮೊದಲನೆಯದರ ಕೈಯಲ್ಲಿ ಎಂಬುದು ನನ್ನ ನಂಬಿಕೆ. ಅದನ್ನು ತೋರಿಸಲು ಒಳ್ಳೆಯ ಸಮಾರ್ಯದವನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ದಾರಿಯಲ್ಲಿ ನಡೆದದ್ದು

ಕಥೆ ಶುರುವಾಗುವ ಮೊದಲೇ ಒಂದು ಮಾತುಕತೆ ಇದೆ. ಪಠ್ಯಪುಸ್ತಕಗಳು ಕತ್ತರಿಸುವುದು ಅದನ್ನೇ. ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವನ್ನು ಪರೀಕ್ಷಿಸಲು ಎದ್ದು ನಿಂತು, ನಿತ್ಯಜೀವ ಸಿಗಲು ಏನು ಮಾಡಬೇಕೆಂದು ಕೇಳುತ್ತಾನೆ. ಶಾಸ್ತ್ರದಲ್ಲಿ ಏನಿದೆ, ನೀನು ಹೇಗೆ ಓದುತ್ತೀಯ ಎಂದು ಯೇಸು ಮರುಪ್ರಶ್ನೆ ಹಾಕುತ್ತಾನೆ. ಆತ ದೇವರ ಮೇಲಿನ ಪ್ರೀತಿ ಮತ್ತು ನೆರೆಯವನ ಮೇಲಿನ ಪ್ರೀತಿಯ ಎರಡು ವಾಕ್ಯಗಳನ್ನು ಒಪ್ಪಿಸುತ್ತಾನೆ. ಸರಿಯಾಗಿ ಹೇಳಿದೆ, ಹಾಗೇ ಮಾಡು ಎಂದಾಗ ಶಾಸ್ತ್ರಿಗೆ ಇರುಸುಮುರುಸು. ತನ್ನನ್ನು ಸಮರ್ಥಿಸಿಕೊಳ್ಳಲು ಇನ್ನೊಂದು ಪ್ರಶ್ನೆ ಎತ್ತುತ್ತಾನೆ: ನನ್ನ ನೆರೆಯವನು ಯಾರು? ಕಥೆ ಹುಟ್ಟುವುದು ಈ ಪ್ರಶ್ನೆಯಿಂದ. ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು, ಗಡಿ ಎಲ್ಲಿ ಎಂದು ಕೇಳುವ ಪ್ರಶ್ನೆ ಇದು.

ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ. ಇಳಿದು ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ; ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ನಡುವೆ ಇಪ್ಪತ್ತೈದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದಾರಿ, ಬೋಳು ಗುಡ್ಡ, ಆಳದ ಕಣಿವೆ, ತಿರುವಿನ ಮೇಲೆ ತಿರುವು. ಕಳ್ಳರಿಗೆ ಅಡಗಲು ಜಾಗ ಬೇಕಾದಷ್ಟು. ಅವರು ಅವನ ಬಟ್ಟೆ ಕಿತ್ತುಕೊಂಡು, ಹೊಡೆದು, ಅರೆಜೀವ ಮಾಡಿ ಹೋದರು. ಒಬ್ಬ ಯಾಜಕ ಅದೇ ದಾರಿಯಲ್ಲಿ ಇಳಿದು ಬಂದ, ನೋಡಿದ, ಆಚೆ ಬದಿಯಿಂದ ಹೋದ. ಒಬ್ಬ ಲೇವಿಯ, ಅಂದರೆ ದೇವಾಲಯದ ಸೇವೆಯ ಕುಲದವನು ಬಂದ, ನೋಡಿದ, ಆಚೆ ಬದಿಯಿಂದ ಹೋದ. ಆಮೇಲೆ ಒಬ್ಬ ಸಮಾರ್ಯದವನು ಬಂದ, ನೋಡಿದ, ಕರುಳು ಮಿಡಿಯಿತು.

ಇಲ್ಲಿಂದ ಮುಂದೆ ಕಥೆಯ ನಡಿಗೆ ನಿಧಾನವಾಗುತ್ತದೆ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನಪಶುವಿನ ಮೇಲೆ ಕೂರಿಸಿದ. ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮಾರನೆಯ ದಿನ ಎರಡು ನಾಣ್ಯ ತೆಗೆದು ಛತ್ರದವನಿಗೆ ಕೊಟ್ಟ. ಇನ್ನೂ ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ಆ ನಾಣ್ಯದ ಹೆಸರು ದೀನಾರ್ಯ. ದ್ರಾಕ್ಷಿತೋಟದ ಕೂಲಿಯಾಳುಗಳ ಇನ್ನೊಂದು ದೃಷ್ಟಾಂತದಲ್ಲಿ ಒಂದು ದೀನಾರ್ಯ ಒಂದು ದಿನದ ಕೂಲಿ. ಹಾಗಾದರೆ ಇದು ಎರಡು ದಿನದ ದುಡಿಮೆ, ಮೇಲೆ ಲೆಕ್ಕವಿಲ್ಲದ ಸಾಲದ ಮಾತು.

ಇಷ್ಟನ್ನು ಎರಡು ಸಲ ಓದಿಸಿದ ಮೇಲೆ ಮಕ್ಕಳಿಗೆ ಮೊದಲ ಅಭ್ಯಾಸ ಕೊಡಬಹುದು. ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೆಯಲಿ: ಕಥೆಯಲ್ಲಿದೆ, ಕಥೆಯಿಂದ ಊಹಿಸಬಹುದು, ನಾನು ಹೊರಗಿನಿಂದ ತಂದದ್ದು. ಈ ಆರು ಮಾತುಗಳನ್ನು ಎಲ್ಲಿ ಹಾಕುತ್ತಾರೆ ನೋಡಿ. ಬಿದ್ದವನು ಯೆಹೂದ್ಯ. ಯಾಜಕ ದೇವಾಲಯಕ್ಕೆ ಹೋಗುವ ಅವಸರದಲ್ಲಿದ್ದ. ಯಾಜಕ ಗಾಯಾಳುವನ್ನು ನೋಡಿದ. ಶವ ಮುಟ್ಟಿದರೆ ಮೈಲಿಗೆ ಎಂದು ಲೇವಿಯ ಹೆದರಿದ. ಸಮಾರ್ಯದವನು ಆ ರಾತ್ರಿ ಛತ್ರದಲ್ಲೇ ಉಳಿದ. ಸಮಾರ್ಯದವನು ಶ್ರೀಮಂತ.

ಮೂರನೆಯದು ಕಥೆಯಲ್ಲೇ ಇದೆ. ಬಿದ್ದವನು ಯೆಹೂದ್ಯ ಎಂದು ಎಲ್ಲೂ ಹೇಳಿಲ್ಲ. ಯೆರೂಸಲೇಮಿನಿಂದ ಹೊರಟವನಾದ್ದರಿಂದ ಊಹಿಸಬಹುದು. ಆ ರಾತ್ರಿ ಉಳಿದದ್ದೂ ಊಹೆಯೇ, ಆದರೆ ಗಟ್ಟಿ ಊಹೆ, ಏಕೆಂದರೆ ಹಣ ಕೊಟ್ಟದ್ದು ಮಾರನೆಯ ದಿನ. ಶ್ರೀಮಂತ ಎಂಬುದು ಹೊರಗಿನದು: ಎಣ್ಣೆ, ದ್ರಾಕ್ಷಾರಸ, ಪಶು, ಎರಡು ನಾಣ್ಯ ಇದ್ದವನು ದೂರ ಪ್ರಯಾಣದ ಯಾವ ವ್ಯಾಪಾರಿಯೂ ಆಗಿರಬಹುದು.

ಯಾಜಕನ ಅವಸರ ಮತ್ತು ಲೇವಿಯನ ಮೈಲಿಗೆಯ ಭಯ, ಇವೆರಡೂ ಸ್ವಲ್ಪ ಹೊತ್ತು ನಿಂತು ನೋಡಬೇಕಾದ ಮಾತುಗಳು. ಪ್ರವಚನಗಳಲ್ಲಿ ಇವನ್ನು ಎಷ್ಟು ಸಲ ಹೇಳಿದ್ದಾರೆಂದರೆ ಕಥೆಯಲ್ಲೇ ಇವೆ ಎಂದು ಜನ ನಂಬಿಬಿಟ್ಟಿದ್ದಾರೆ. ಆದರೆ ಯಾಜಕ ಇಳಿದು ಬರುತ್ತಿದ್ದಾನೆ. ದೇವಾಲಯ ಇರುವುದು ಮೇಲೆ, ಯೆರೂಸಲೇಮಿನಲ್ಲಿ. ಅವನು ಅದಕ್ಕೆ ಬೆನ್ನು ಹಾಕಿ ನಡೆದಿದ್ದಾನೆ. ಹತ್ತಿರದ ನೆಂಟರಲ್ಲದೆ ಬೇರೆಯವರ ಶವದಿಂದ ಮೈಲಿಗೆಯಾಗಬಾರದು ಎಂಬ ಯಾಜಕಕಾಂಡದ ನಿಯಮ ಹೇಳಿದ್ದು ಯಾಜಕರಿಗೆ, ಎಲ್ಲ ಲೇವಿಯರಿಗೆ ಅಲ್ಲ. ಬಿದ್ದವನು ಸತ್ತೂ ಇಲ್ಲ. ಸತ್ತಿದ್ದರೂ, ನೋಡಿಕೊಳ್ಳುವವರಿಲ್ಲದ ಶವ ಸಿಕ್ಕಿದರೆ ಮಹಾಯಾಜಕನೂ ಅದಕ್ಕಾಗಿ ಮೈಲಿಗೆ ಮಾಡಿಕೊಳ್ಳಬಹುದು ಎಂದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯರ ಮಿಶ್ನಾ ಹೇಳುತ್ತದೆ. ಯೆಹೂದ್ಯ ವಿದ್ವಾಂಸೆ ಏಮಿ-ಜಿಲ್ ಲೆವೀನ್ ಇದನ್ನೇ ಎತ್ತಿ ತೋರಿಸಿ, ಮೈಲಿಗೆಯ ವಿವರಣೆ ಯೆಹೂದ್ಯ ಧರ್ಮದ ಮೇಲೆ ಹೊರಿಸಿದ ಸುಳ್ಳು ಹೊರೆ ಎಂದು ವಾದಿಸಿದ್ದಾರೆ. ಯಾಜಕನೂ ಲೇವಿಯನೂ ಯಾಕೆ ನಿಲ್ಲಲಿಲ್ಲ ಎಂದು ಕಥೆ ಹೇಳುವುದಿಲ್ಲ. ಆ ಮೌನವನ್ನು ತುಂಬಲು ಹೊರಟ ಓದುಗ, ಒಂದು ಜನಾಂಗದ ಧರ್ಮವೇ ಕಲ್ಲು ಎಂಬ ತೀರ್ಮಾನಕ್ಕೆ ಗೊತ್ತಿಲ್ಲದೆಯೇ ಬಂದುಬಿಡುತ್ತಾನೆ. ವಾಚ್ಯಾರ್ಥದಲ್ಲಿ ತಪ್ಪಿದ ಒಂದು ಹೆಜ್ಜೆ ನೀತಿಯಲ್ಲಿ ಅನ್ಯಾಯವಾಗಿ ಹೊರಬರುವುದು ಹೀಗೆ.

ಸಮಾರ್ಯದವನೇ ಯಾಕೆ?

ಯಾಜಕ, ಲೇವಿಯ ಎಂದು ಎಣಿಸುತ್ತ ಬಂದರೆ ಅಂದಿನ ಕೇಳುಗನ ಕಿವಿ ಮೂರನೆಯವನಾಗಿ ಸಾಮಾನ್ಯ ಇಸ್ರಾಯೇಲ್ಯನನ್ನು ಕಾಯುತ್ತದೆ. ಗಣ್ಯರು ಕೈಬಿಟ್ಟರು, ನಮ್ಮಂಥವನೊಬ್ಬ ಕಾಪಾಡಿದ ಎಂಬ ಕಥೆ ಬರಬೇಕಿತ್ತು. ಬಂದವನು ಸಮಾರ್ಯದವನು. ಸಮಾರ್ಯದವರೂ ಮೋಶೆಯ ಐದು ಪುಸ್ತಕಗಳನ್ನು ನಂಬುವವರೇ, ಆದರೆ ಅವರ ಆರಾಧನೆ ಯೆರೂಸಲೇಮಿನಲ್ಲಿ ಅಲ್ಲ, ಗೆರಿಜೀಮ್ ಬೆಟ್ಟದಲ್ಲಿ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯ ದೊರೆ ಯೋಹಾನ ಹಿರ್ಕಾನಸ್ ಆ ಬೆಟ್ಟದ ಗುಡಿಯನ್ನು ಕೆಡವಿಸಿದ್ದ. ಲೂಕನ ಪುಸ್ತಕದಲ್ಲೇ ಒಂದು ಅಧ್ಯಾಯ ಹಿಂದೆ ಹೋದರೆ ಸಮಾರ್ಯದ ಹಳ್ಳಿಯೊಂದು ಯೇಸುವಿಗೆ ತಂಗಲು ಜಾಗ ಕೊಡುವುದಿಲ್ಲ. ಆ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಸುರಿಸೋಣವೇ ಎಂದು ಶಿಷ್ಯರಿಬ್ಬರು ಕೇಳುತ್ತಾರೆ. ಹತ್ತನೆಯ ಅಧ್ಯಾಯಕ್ಕೆ ಬರುವಾಗ ಓದುಗನ ಕಿವಿಯಲ್ಲಿ ಆ ಬೆಂಕಿಯ ಮಾತು ಇನ್ನೂ ಆರಿರುವುದಿಲ್ಲ.

ಎರಡನೆಯ ಅಭ್ಯಾಸ ಇದನ್ನು ಆಧರಿಸಿದ್ದು. ಪಾತ್ರಗಳನ್ನು ಅದಲುಬದಲು ಮಾಡಿ ಕಥೆಯನ್ನು ಎಂಟು ಸಾಲಿನಲ್ಲಿ ಬರೆಯಿರಿ: ದಾರಿಯಲ್ಲಿ ಬಿದ್ದವನು ಸಮಾರ್ಯದವನು, ಎತ್ತಿದವನು ಇಸ್ರಾಯೇಲ್ಯ. ಏನು ಕಳೆದುಹೋಯಿತು?

ಮೇಲುನೋಟಕ್ಕೆ ಏನೂ ಕಳೆದಿಲ್ಲ, ದಯೆ ದಯೆಯೇ. ಸ್ವಲ್ಪ ಯೋಚಿಸಿದ ಹುಡುಗನಿಗೆ ಹೊಳೆಯುವುದು ಬೇರೆ. ಬದಲಾದ ಕಥೆಯಲ್ಲಿ ಶಾಸ್ತ್ರಿಗೆ ಸುಲಭದ ಉತ್ತರ ಸಿಕ್ಕಿಬಿಡುತ್ತದೆ: ನೆರೆಯವರ ಪಟ್ಟಿಗೆ ಸಮಾರ್ಯದವರನ್ನೂ ಸೇರಿಸಿಕೊ, ಅವರನ್ನೂ ಕರುಣೆಯಿಂದ ನೋಡು. ಅಲ್ಲಿ ಅವನು ಕೊಡುವವನಾಗಿಯೇ ಉಳಿಯುತ್ತಾನೆ. ಮೂಲದ ಕಥೆ ಅವನನ್ನು ದಾರಿಯ ಧೂಳಿನಲ್ಲಿ ಮಲಗಿಸಿ, ಅವನು ದ್ವೇಷಿಸುವವನ ಕೈಯಿಂದ ಆರೈಕೆ ಮಾಡಿಸುವಂಥದ್ದು. ಕೊನೆಯಲ್ಲಿ ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು ಯೇಸು ಕೇಳಿದಾಗ ಶಾಸ್ತ್ರಿಯ ಬಾಯಿಂದ ಸಮಾರ್ಯದವನು ಎಂಬ ಹೆಸರು ಹೊರಡುವುದೇ ಇಲ್ಲ. ಕರುಣೆ ತೋರಿದವನು ಎಂದಷ್ಟೇ ಹೇಳುತ್ತಾನೆ. ಪ್ರತಿ ತರಗತಿಯಲ್ಲೂ ಆ ಉತ್ತರವನ್ನು ಗಟ್ಟಿಯಾಗಿ ಓದಿಸಿ, ಏನನ್ನು ನುಂಗಿಕೊಂಡ ಎಂದು ಕೇಳಬೇಕು.

ಅಗಸ್ಟೀನನ ಬೀಗದ ಕೈ

ಈಗ ಸಂಕೇತಾರ್ಥ. ಅಗಸ್ಟೀನ್ ತನ್ನ ಸುವಾರ್ತಾ ಪ್ರಶ್ನೆಗಳ ಪುಸ್ತಕದಲ್ಲಿ ಈ ಕಥೆಗೆ ಕೊಟ್ಟ ವಿವರಣೆ ಹೀಗಿದೆ. ದಾರಿಹೋಕ ಆದಾಮ, ಎಂದರೆ ಮನುಕುಲ. ಯೆರೂಸಲೇಮ್ ಆದಾಮ ಕಳೆದುಕೊಂಡ ಸ್ವರ್ಗದ ನಗರ. ಯೆರಿಕೋ ಚಂದ್ರ, ಹುಟ್ಟಿ ಬೆಳೆದು ಕ್ಷಯಿಸುವ ಚಂದ್ರ ನಮ್ಮ ಮರಣದ ಗುರುತು. ಕಳ್ಳರು ಸೈತಾನ ಮತ್ತು ಅವನ ದೂತರು. ಕಿತ್ತುಕೊಂಡದ್ದು ಅಮರತ್ವ. ಯಾಜಕ, ಲೇವಿಯರು ಹಳೆಯ ಒಡಂಬಡಿಕೆಯ ಸೇವೆ. ಸಮಾರ್ಯದವನು ಕ್ರಿಸ್ತ. ಪಶು ಕ್ರಿಸ್ತ ತೊಟ್ಟ ದೇಹ. ಛತ್ರ ಸಭೆ. ಛತ್ರದವನು ಅಪೊಸ್ತಲ ಪೌಲ. ಮಾರನೆಯ ದಿನ ಎಂದರೆ ಪುನರುತ್ಥಾನದ ನಂತರ.

ಇದನ್ನು ಕೇಳಿ ನಗುವ ಮೊದಲು ಇದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ ನೋಡಬೇಕು. ಪತನದಿಂದ ಮರುಬರವಿನವರೆಗೆ ಕ್ರೈಸ್ತರು ನಂಬುವ ಇಡೀ ಚರಿತ್ರೆ ಒಂದು ದಾರಿಯ ಮೇಲೆ ಇಳಿದುಬಂದಿದೆ. ಫ್ರಾನ್ಸಿನ ಷಾರ್ತ್ರ ಕೆಥೆಡ್ರಲಿನ ಹದಿಮೂರನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಕೆಳಗೆ ಸಮಾರ್ಯದವನ ಕಥೆ, ಮೇಲೆ ಆದಾಮ ಹವ್ವರ ಕಥೆ ಒಂದೇ ಚೌಕಟ್ಟಿನಲ್ಲಿ ಇರುವುದು ಈ ಓದಿನ ಬಲದಿಂದಲೇ. ಅಕ್ಷರ ಬಾರದ ಭಕ್ತರೂ ಅದನ್ನು ನೋಡಿ ತಮ್ಮನ್ನು ಗಾಯಾಳುವಿನ ಜಾಗದಲ್ಲಿ ಕಂಡುಕೊಳ್ಳಬಹುದಿತ್ತು. ಇಂದಿನ ತರಗತಿಗಳು ಮಕ್ಕಳನ್ನು ನೇರವಾಗಿ ಕಾಪಾಡುವವನ ಜಾಗದಲ್ಲಿ ಕೂರಿಸುತ್ತವೆ. ಹಳೆಯ ಸಂಕೇತಾರ್ಥ ಅವರನ್ನು ಬಿದ್ದವನ ಜಾಗದಲ್ಲಿ ಇರಿಸಿತ್ತು, ಮತ್ತು ಶಾಸ್ತ್ರಿಗೆ ಯೇಸು ಮಾಡಿದ್ದೂ ಅದೇ ಎಂದು ನನಗನ್ನಿಸುತ್ತದೆ.

ಕೆಡುವುದು ಎಲ್ಲಿ? ಒಂದು ವಿವರವನ್ನು ಕಥೆಯಿಂದ ಕಿತ್ತು ಸಾಕ್ಷಿಕಟ್ಟೆಗೆ ನಿಲ್ಲಿಸಿದಾಗ. ಗಾಯಾಳು ಅರೆಜೀವವಾಗಿದ್ದ ಎಂಬ ಒಂದು ಮಾತನ್ನು ಹಿಡಿದು, ಪತನದ ನಂತರವೂ ಮನುಷ್ಯನಲ್ಲಿ ಒಳಿತನ್ನು ಆರಿಸುವ ಶಕ್ತಿ ಅರ್ಧ ಉಳಿದಿದೆ ಎಂದು ಕೆಲವರು ವಾದಿಸಿದರು. ಹದಿನಾರನೆಯ ಶತಮಾನದಲ್ಲಿ ಜಾನ್ ಕ್ಯಾಲ್ವಿನ್ ಇದನ್ನು ಕಟುವಾಗಿ ತಳ್ಳಿಹಾಕಿದ. ಕಳ್ಳರು ಪೂರ್ತಿ ಕೊಲ್ಲಲಿಲ್ಲ ಎಂಬಷ್ಟೇ ಅರ್ಥದ ಮಾತಿನ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಲು ಹೊರಟರೆ ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಅಡಾಲ್ಫ್ ಯೂಲಿಖರ್ ಇನ್ನೂ ಮುಂದೆ ಹೋಗಿ, ಯೇಸುವಿನ ದೃಷ್ಟಾಂತಕ್ಕೆ ಒಂದೇ ಹೋಲಿಕೆಯ ಬಿಂದು, ಉಳಿದದ್ದು ಕಥೆಯ ಮೈ, ಅದನ್ನು ಬಿಡಿಬಿಡಿಯಾಗಿ ಬಿಡಿಸಬಾರದು ಎಂದ. ಆದರೆ ಅದೂ ಅತಿಯಾಯಿತು. ಬಿತ್ತುವವನ ದೃಷ್ಟಾಂತವನ್ನು ಮಾರ್ಕನ ಸುವಾರ್ತೆಯೇ ಬಿಡಿಬಿಡಿಯಾಗಿ ಬಿಡಿಸುತ್ತದೆ: ಬೀಜ ವಾಕ್ಯ, ಹಕ್ಕಿಗಳು ಸೈತಾನ, ಮುಳ್ಳು ಲೋಕದ ಚಿಂತೆ. ಸಂಕೇತವೇ ಬೇಡ ಎನ್ನುವಂತಿಲ್ಲ. ಯಾವ ಕಥೆ ಅದನ್ನು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ತಿಳಿಯುವ ಉಪಾಯ ಬೇಕು.

ಆರು ಮುಖದ ಆನೆ

ಆ ಉಪಾಯಕ್ಕೆ ನಮ್ಮ ಮಕ್ಕಳನ್ನು ಮಹಾಭಾರತದ ಸ್ತ್ರೀಪರ್ವಕ್ಕೆ ಕರೆದುಕೊಂಡು ಹೋಗಬಹುದು. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಒಂದು ಕಥೆ ಹೇಳುತ್ತಾನೆ. ಘೋರ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಬಳ್ಳಿ ಮುಚ್ಚಿದ ಬಾವಿಗೆ ಬಿದ್ದು, ಬಳ್ಳಿಗೆ ಸಿಕ್ಕಿ ತಲೆಕೆಳಗಾಗಿ ತೂಗುತ್ತಾನೆ. ಕೆಳಗೆ ದೊಡ್ಡ ಹಾವು. ಬಾವಿಯ ಬಾಯಲ್ಲಿ ಆರು ಮುಖ, ಹನ್ನೆರಡು ಕಾಲಿನ ಆನೆ. ಕಪ್ಪು, ಬಿಳಿ ಇಲಿಗಳು ಅವನನ್ನು ಹಿಡಿದಿರುವುದರ ಬುಡ ಕಡಿಯುತ್ತಿವೆ. ಮೇಲಿನ ಜೇನುಗೂಡಿನಿಂದ ಜೇನು ತೊಟ್ಟಿಕ್ಕುತ್ತಿದೆ. ಅವನು ಅದನ್ನು ನೆಕ್ಕುತ್ತ, ಇನ್ನೂ ಬೇಕೆಂದು ಬಯಸುತ್ತಿದ್ದಾನೆ. ಜೈನರಲ್ಲಿ ಇದು ಮಧುಬಿಂದುವಿನ ಕಥೆಯೆಂದು ಪ್ರಸಿದ್ಧ.

ಮೂರನೆಯ ಅಭ್ಯಾಸ: ಇಲ್ಲಿಗೆ ಕಥೆ ನಿಲ್ಲಿಸಿ, ವಿದುರನ ವಿವರಣೆಯನ್ನು ಮುಚ್ಚಿಟ್ಟು, ಆನೆ ಏನು ಎಂದು ಕೇಳಿ. ಕಾಲುಗಳನ್ನು ಎಣಿಸಿ ಎಂದಷ್ಟೇ ಸುಳಿವು ಕೊಡಿ. ಆರು, ಹನ್ನೆರಡು ಎಂದು ಹೇಳಿಕೊಳ್ಳುತ್ತ ಇದ್ದಂತೆ ಯಾರೋ ಒಬ್ಬರು ಋತು, ತಿಂಗಳು ಎನ್ನುತ್ತಾರೆ. ಆನೆ ಸಂವತ್ಸರ. ಅದು ಸಿಕ್ಕಿದೊಡನೆ ಕಪ್ಪು ಬಿಳಿ ಇಲಿಗಳು ರಾತ್ರಿ ಹಗಲು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾವು ಕಾಲ, ಬಳ್ಳಿ ಬದುಕುವ ಆಸೆ, ಜೇನು ಸುಖದ ಹನಿ. ಆಮೇಲೆ ವಿದುರನ ಉತ್ತರವನ್ನು ತೆರೆದು ತಾಳೆ ನೋಡಿ.

ಈಗ ಸಮಾರ್ಯದವನ ಎರಡು ನಾಣ್ಯಗಳನ್ನು ಪಕ್ಕದಲ್ಲಿಡಿ. ಹನ್ನೆರಡು ಕಾಲಿನ ಆನೆ ಯಾವ ಕಾಡಿನಲ್ಲೂ ಇಲ್ಲ. ವಾಚ್ಯಾರ್ಥ ಅಲ್ಲಿ ಮುರಿದುಬಿದ್ದಿದೆ, ಮುರಿದ ಜಾಗದಿಂದ ಕಥೆ ತಾನೇ ಸಂಕೇತವನ್ನು ಕೂಗಿ ಕರೆಯುತ್ತದೆ. ಪಠ್ಯದಲ್ಲಿ ಅಸಂಭವದ ಮಾತು ಬಂದರೆ ಅದು ಓದುಗನನ್ನು ಎಡವಿಸಿ ಒಳಗಿನ ಅರ್ಥ ಹುಡುಕುವಂತೆ ಮಾಡಲೆಂದೇ ಇಟ್ಟದ್ದು ಎಂದು ಒರಿಜೆನ್‌ನೇ ಬೇರೊಂದು ಕಡೆ ಬರೆದಿದ್ದಾನೆ. ಎರಡು ನಾಣ್ಯಗಳಲ್ಲಿ ಎಡವುವಂಥದ್ದೇನೂ ಇಲ್ಲ. ಛತ್ರದವನಿಗೆ ಹಣ ಕೊಡದಿದ್ದರೆ ವಿಚಿತ್ರವಾಗುತ್ತಿತ್ತು. ಇನ್ನೊಂದು ಪರೀಕ್ಷೆ, ಬದಲಿಸಿ ನೋಡುವುದು. ಆನೆಗೆ ಎಂಟು ಕಾಲು ಕೊಟ್ಟರೆ ವಿದುರನ ಕಥೆ ಕೆಡುತ್ತದೆ. ನಾಣ್ಯ ಮೂರಾದರೆ ಸಮಾರ್ಯದವನ ಕಥೆ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಅಗಸ್ಟೀನನ ವಿವರಣೆ ಮಾತ್ರ ಅಲುಗುತ್ತದೆ. ಹಾಗಾದರೆ ಆ ಎರಡು ಎಂಬ ಸಂಖ್ಯೆಯ ಅರ್ಥ ಕಥೆ ಕೊಟ್ಟದ್ದಲ್ಲ, ಓದುಗ ತಂದದ್ದು. ಒರಿಜೆನ್ ಮತ್ತು ಅಗಸ್ಟೀನ್ ಬೇರೆ ಬೇರೆ ಉತ್ತರ ಹೇಳಿದ್ದರ, ಅಗಸ್ಟೀನ್ ಒಬ್ಬನೇ ಎರಡು ಉತ್ತರ ಹೇಳಿದ್ದರ ಕಾರಣವೂ ಇದೇ.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಮಕ್ಕಳಿಗೆ ಅದನ್ನೂ ಹೇಳಬೇಕು. ನಮ್ಮ ಗೋವಿನ ಹಾಡಿನಲ್ಲಿ ಹಸು, ಹುಲಿ ಮಾತಾಡುತ್ತವೆ. ಅದು ವಾಚ್ಯಾರ್ಥ ಮುರಿದಂತೆ ಅಲ್ಲ. ಪ್ರಾಣಿಕಥೆಯ ಲೋಕದಲ್ಲಿ ಮಾತು ಸಹಜ. ಅಲ್ಲಿ ಎಡವುವ ಜಾಗ ಬೇರೆ, ಹಸಿದ ಹುಲಿ ಬಂದ ಹಸುವನ್ನು ತಿನ್ನದೆ ತಾನೇ ಪ್ರಾಣ ಬಿಡುವುದು. ಅಂದರೆ ಮೊದಲು ಕಥೆಯ ಲೋಕದ ನಿಯಮ ಯಾವುದು ಎಂದು ಗೊತ್ತುಮಾಡಿಕೊಂಡು, ಆ ನಿಯಮವೇ ಎಲ್ಲಿ ಮುರಿಯಿತು ಎಂದು ಹುಡುಕಬೇಕು.

ಮಾಡುವ ಮಾತು

ನೀತಿಯ ಅರ್ಥಕ್ಕೆ ಬಂದರೆ, ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು ಎಂಬ ಒಂದು ಸಾಲು ತಯಾರಾಗಿ ನಿಂತಿರುತ್ತದೆ. ಅದು ತಪ್ಪಲ್ಲ. ಆದರೆ ಅದನ್ನು ಬರೆಯಲು ಈ ಕಥೆ ಓದಬೇಕಾಗಿಯೇ ಇರಲಿಲ್ಲ. ನೂರು ಕಥೆಗಳ ಕೆಳಗೆ ಬರೆಯಬಹುದಾದ ನೀತಿ ಯಾವ ಕಥೆಯ ನೀತಿಯೂ ಅಲ್ಲ. ಉತ್ತರಪತ್ರಿಕೆಯನ್ನು ನೋಡುವ ಮೇಷ್ಟರು ಇದೊಂದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು.

ಈ ಕಥೆಯದೇ ಆದ ನೀತಿ ಇರುವುದು ಪ್ರಶ್ನೆ ತಿರುಗಿದ ಜಾಗದಲ್ಲಿ. ನನ್ನ ನೆರೆಯವನು ಯಾರು ಎಂದು ಶಾಸ್ತ್ರಿ ಕೇಳಿದ್ದ, ನೆರೆಯವನಾದವನು ಯಾರು ಎಂದು ಯೇಸು ಕೇಳುತ್ತಾನೆ. ಪ್ರೀತಿಗೆ ಅರ್ಹರು ಯಾರು ಎಂಬ ಪಟ್ಟಿ ಕೈಬಿಟ್ಟುಹೋಗಿ, ನೀನು ಏನಾದೆ ಎಂಬ ಪ್ರಶ್ನೆ ಉಳಿಯುತ್ತದೆ. ಸಂಕೇತದ ದೊಡ್ಡ ಮಾಳಿಗೆ ಕಟ್ಟಿದ ಅಗಸ್ಟೀನನೂ ಕ್ರೈಸ್ತ ಬೋಧನೆಯ ಕುರಿತ ತನ್ನ ಗ್ರಂಥದಲ್ಲಿ ಇದೇ ಕಥೆಯನ್ನು ಸರಳವಾಗಿ ಓದಿ, ಕರುಣೆ ಬೇಕಾದ ಪ್ರತಿಯೊಬ್ಬನೂ ನೆರೆಯವನೇ ಎಂದು ಹೇಳಿದ್ದಾನೆ. ಒಂದು ಓದು ಇನ್ನೊಂದನ್ನು ಓಡಿಸಬೇಕಿಲ್ಲ ಎಂಬುದಕ್ಕೆ ಅವನೇ ಸಾಕ್ಷಿ.

ವಾಚ್ಯಾರ್ಥವನ್ನು ಕೈಬಿಡದೆ ನೀತಿಗೆ ಬರುವುದು ಹೇಗೆ ಎಂಬುದನ್ನು ಮಾರ್ಟಿನ್ ಲೂಥರ್ ಕಿಂಗ್ ತೋರಿಸಿದ್ದಾರೆ. 1968ರ ಏಪ್ರಿಲ್ 3ರಂದು, ಮೆಂಫಿಸ್ ನಗರದಲ್ಲಿ ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಪರವಾಗಿ ಮಾತಾಡುತ್ತ, ತಾವು ಹೆಂಡತಿಯ ಜೊತೆ ಕಾರಿನಲ್ಲಿ ಆ ಯೆರಿಕೋ ದಾರಿಯಲ್ಲಿ ಇಳಿದದ್ದನ್ನು ನೆನೆದರು. ಎಷ್ಟು ಎತ್ತರದಿಂದ ಎಷ್ಟು ಕೆಳಗೆ ಇಳಿಯುತ್ತದೆ, ಎಷ್ಟು ತಿರುವು ಎಂದು ವಿವರಿಸಿದರು. ಕಳ್ಳರು ಇನ್ನೂ ಅಲ್ಲೇ ಇರಬಹುದು, ಬಿದ್ದವನು ನಟಿಸುತ್ತಿರಲೂಬಹುದು, ಯಾಜಕನೂ ಲೇವಿಯನೂ ಹೆದರಿದ್ದರೆ ಅದು ಅರ್ಥವಾಗುವ ಭಯ ಎಂದರು. ನಾನು ನಿಂತರೆ ನನಗೇನಾದೀತು ಎಂಬುದು ಆ ಇಬ್ಬರ ಪ್ರಶ್ನೆ. ನಾನು ನಿಲ್ಲದಿದ್ದರೆ ಇವನಿಗೇನಾದೀತು ಎಂಬುದು ಸಮಾರ್ಯದವನ ಪ್ರಶ್ನೆ. ಅದನ್ನೇ ಮುಷ್ಕರದ ಮುಂದಿಟ್ಟರು. ಮರುದಿನ ಅವರ ಕೊಲೆಯಾಯಿತು. ಅದಕ್ಕೂ ಒಂದು ವರ್ಷದ ಹಿಂದೆ, ವಿಯೆಟ್ನಾಮ್ ಯುದ್ಧದ ವಿರುದ್ಧ ಮಾತಾಡುವಾಗ, ಬಿದ್ದವರನ್ನು ಎತ್ತುವುದರ ಜೊತೆಗೆ ಜನ ಬೀಳುತ್ತಲೇ ಇರುವ ಆ ದಾರಿಯನ್ನೇ ಬದಲಿಸಬೇಕು ಎಂಬ ಮಾತನ್ನೂ ಹೇಳಿದ್ದರು.

ಆ ಮೊದಲ ಪ್ರಶ್ನೆ, ನನಗೇನಾದೀತು ಎಂಬುದು, ನಮ್ಮ ಹೆದ್ದಾರಿಗಳಲ್ಲೂ ಇದೆ. ಅಪಘಾತವಾದವರನ್ನು ಎತ್ತಿದರೆ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂದು ಜನ ಹೆದರುತ್ತಿದ್ದರು. 2016ರಲ್ಲಿ ಕರ್ನಾಟಕದ ವಿಧಾನಮಂಡಲ ಸಹಾಯಕ್ಕೆ ಬಂದವರನ್ನು ರಕ್ಷಿಸುವ ಮಸೂದೆಯನ್ನೇ ಅಂಗೀಕರಿಸಿತು; ಅದರ ಹೆಸರಿನಲ್ಲೇ ಗುಡ್ ಸಮಾರಿಟನ್ ಎಂಬ ಮಾತಿದೆ. ಅದೇ ವರ್ಷ ಸುಪ್ರೀಂ ಕೋರ್ಟ್ ಕೇಂದ್ರದ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಕಾನೂನು ಕರುಳು ಮಿಡಿಸಲಾರದು. ಆದರೆ ಆಚೆ ಬದಿಯಿಂದ ಹೋಗುವವನಿಗೆ ಇದ್ದ ಒಂದು ಕಾರಣವನ್ನು ಅದು ತೆಗೆದುಹಾಕಿದೆ.

ನಾಲ್ಕನೆಯ ಅಭ್ಯಾಸದಲ್ಲಿ ನೀತಿಯನ್ನು ಬರೆಯಬೇಕು, ಆದರೆ ಸಹಾಯ, ಕರುಣೆ, ಪ್ರೀತಿ ಎಂಬ ಮೂರು ಮಾತುಗಳನ್ನು ಬಳಸುವಂತಿಲ್ಲ. ಕಥೆಯಲ್ಲಿ ಸಮಾರ್ಯದವನು ಮಾಡಿದ ಕ್ರಿಯೆಗಳಲ್ಲಿ ಎರಡನ್ನಾದರೂ ಬಳಸಿಕೊಳ್ಳಬೇಕು. ಆಗ ಹತ್ತಿರ ಹೋಗುವುದು, ತನ್ನ ಪಶುವಿನ ಮೇಲೆ ಇನ್ನೊಬ್ಬನನ್ನು ಕೂರಿಸುವುದು, ಮಾರನೆಯ ದಿನವೂ ವಿಚಾರಿಸುವುದು, ಛತ್ರದವನಂಥ ಇನ್ನೊಬ್ಬನನ್ನು ಕೆಲಸಕ್ಕೆ ಜೊತೆಮಾಡಿಕೊಳ್ಳುವುದು, ಇವೆಲ್ಲ ಹೊರಬರುತ್ತವೆ. ಇದರ ಮುಂದುವರಿಕೆಯಾಗಿ, ಕಥೆಯನ್ನು ಇಂದಿನ ದಾರಿಗೆ ತಂದು ಬರೆಯಿಸಬಹುದು. ಅಲ್ಲಿ ಕಾಪಾಡುವವನು ಯಾರಾಗಬೇಕು? ಯಾರ ಕೈಯಿಂದ ನೆರವು ಪಡೆಯಲು ನನಗೆ ಮನಸ್ಸು ಬಾರದೋ ಅವರು. ಇದನ್ನು ಗಟ್ಟಿಯಾಗಿ ಓದಿಸಬಾರದು. ತರಗತಿಯಲ್ಲಿ ಜಾತಿ, ಊರು, ಮನೆತನದ ಹೆಸರು ಎತ್ತಿದರೆ ಯಾರಿಗೋ ನೋವಾಗುತ್ತದೆ. ಬರೆದದ್ದು ಬರೆದವರ ಹತ್ತಿರವೇ ಇರಲಿ.

ಹೊಸ ಕಥೆಯೊಂದು

ಉತ್ತರ ಮೊದಲೇ ಗೊತ್ತಿರುವ ಕಥೆಯಲ್ಲಿ ಓದು ಎಷ್ಟು ಬೆಳೆದಿದೆ ಎಂದು ತಿಳಿಯುವುದು ಕಷ್ಟ. ಅದಕ್ಕೆ ಅಭ್ಯಾಸಕ್ಕೆಂದೇ ಬರೆದ ಒಂದು ಪುಟ್ಟ ಕಥೆ ಇಲ್ಲಿದೆ.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಮಳೆ ತಪ್ಪಿದ ವರ್ಷ ಕೆರೆಯಲ್ಲಿ ನೀರು ತಳ ಮುಟ್ಟಿತು. ತೂಬಿನ ಪಕ್ಕದ ಗದ್ದೆಯವನು, ಮೊದಲು ಸಿಗುವುದು ನನಗೆ, ಹಿಂದಿನಿಂದಲೂ ಹಾಗೇ ಎಂದ. ನೀರುಗಂಟಿ ಏನೂ ಹೇಳದೆ ರಾತ್ರಿ ಕಾಲುವೆಯುದ್ದಕ್ಕೂ ನಡೆದು, ದಾರಿಯ ಮಡೆಗಳನ್ನೆಲ್ಲ ಮುಚ್ಚಿ, ಎಲ್ಲಕ್ಕಿಂತ ಕೊನೆಯ ಗದ್ದೆಗೆ ಮೊದಲು ನೀರು ಹಾಯಿಸಿದ. ಬೆಳಗಾದ ಮೇಲೆ ಒಂದೊಂದೇ ಮಡೆ ತೆರೆಯುತ್ತ ಹಿಂದೆ ಬಂದ. ಎಲ್ಲರಿಗೂ ನೀರು ಸಿಕ್ಕಿತು, ಯಾರಿಗೂ ತುಂಬಲಿಲ್ಲ. ಕೊನೆಯ ಗದ್ದೆ ನೀರುಗಂಟಿಯದೇ ಆಗಿತ್ತು. ಊರವರು ಪಂಚಾಯಿತಿ ಸೇರಿಸಿ, ನೀನು ಕಳ್ಳ ಎಂದರು. ಅವನು ಹೇಳಿದ: ಬಾಲದಲ್ಲಿ ಒದ್ದೆಯಾಗಿದೆ ಎಂದರೆ ನೀರು ಹರಿಯಬಹುದು ಎಂದು ಗೊತ್ತಾಯಿತು. ತಲೆಯಿಂದ ಶುರುಮಾಡಿದ ವರ್ಷ ಅದು ನಮಗೆ ಯಾವತ್ತಾದರೂ ಗೊತ್ತಾಗಿತ್ತೇ?

ವಾಚ್ಯಾರ್ಥಕ್ಕೆ ಎರಡು ಪ್ರಶ್ನೆ. ಊರವರ ದೂರಿನಲ್ಲಿ ಸತ್ಯವಾದ ಭಾಗ ಯಾವುದು? ನೀರುಗಂಟಿಯ ಉದ್ದೇಶ ಏನೆಂದು ಕಥೆ ಹೇಳಿದೆಯೇ? ತನ್ನ ಗದ್ದೆಗೆ ಮೊದಲು ನೀರು ಹೋದದ್ದು ಸತ್ಯ. ಉದ್ದೇಶವನ್ನು ಕಥೆ ಹೇಳಿಲ್ಲ, ಅವನ ಮಾತನ್ನಷ್ಟೇ ಕೊಟ್ಟಿದೆ. ಅವನು ಒಳ್ಳೆಯವನು ಎಂದು ಮೊದಲ ಸಾಲಿನಲ್ಲೇ ಬರೆದ ವಿದ್ಯಾರ್ಥಿಗೆ, ಆ ಮಾತು ಯಾವ ಕಂಬಕ್ಕೆ ಸೇರುತ್ತದೆ ಎಂದು ತಿರುಗಿ ಕೇಳಬೇಕು.

ಸಂಕೇತಾರ್ಥಕ್ಕೆ ಬದಲಿಸಿ ನೋಡುವ ಪರೀಕ್ಷೆ. ಕೊನೆಯ ಗದ್ದೆ ನೀರುಗಂಟಿಯದಲ್ಲದೆ ಬಡವಳೊಬ್ಬಳದು ಎಂದಿಟ್ಟುಕೊಳ್ಳಿ. ರಾತ್ರಿ ಎಂಬುದನ್ನು ಮಧ್ಯಾಹ್ನ ಮಾಡಿ. ತೂಬನ್ನು ಪಂಪ್‌ಸೆಟ್ ಮಾಡಿ. ಇವುಗಳಲ್ಲಿ ಯಾವ ಬದಲಾವಣೆಯಿಂದ ಕಥೆ ಕುಸಿಯುತ್ತದೆ? ಪಂಪ್‌ಸೆಟ್ಟಿನಿಂದ ಬಹಳವೇನೂ ಆಗದು. ಮಧ್ಯಾಹ್ನವಾದರೆ ಊರವರ ಅನುಮಾನ ಸ್ವಲ್ಪ ಸಡಿಲವಾಗುತ್ತದೆ. ಗದ್ದೆ ಬಡವಳದಾದರೆ ಮಾತ್ರ ಪಂಚಾಯಿತಿಗೆ ಕೇಳಲು ಏನೂ ಉಳಿಯುವುದಿಲ್ಲ. ಕೀಲು ಅಲ್ಲಿದೆ. ಕೆರೆ ದೇಶ, ನೀರು ತೆರಿಗೆಯ ಹಣ ಎಂದು ಬಿಡಿಸುವವರು ಬಿಡಿಸಲಿ, ಆದರೆ ಅವರ ವಿವರಣೆಯಲ್ಲಿ ಹಂಚುವವನ ಸ್ವಂತ ಗದ್ದೆಗೆ ಒಂದು ಜಾಗ ಇರಲೇಬೇಕು. ಇಲ್ಲದಿದ್ದರೆ ಅದು ಈ ಕಥೆಯ ಸಂಕೇತಾರ್ಥವಲ್ಲ.

ನೀತಿಗೆ ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ನೀರುಗಂಟಿಗೆ ಹೇಳಬೇಕಾದ ನೀತಿ ಬರೆಯಲಿ, ಇನ್ನೊಂದು ತೂಬಿನ ಪಕ್ಕದ ಗದ್ದೆಯವನಿಗೆ ಹೇಳಬೇಕಾದದ್ದನ್ನು. ನಿಷೇಧಿತ ಪದಗಳು ಈ ಸಲ ನ್ಯಾಯ, ಸ್ವಾರ್ಥ, ಸಮಾನತೆ. ಬರೆದಾದ ಮೇಲೆ ಹಾಳೆಗಳನ್ನು ಬದಲಾಯಿಸಿಕೊಂಡು, ಎದುರು ಗುಂಪಿನ ಪ್ರತಿ ವಾಕ್ಯದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಕಥೆಯ ಸಾಲನ್ನು ಬರೆಯಬೇಕು. ಆಧಾರ ಸಿಗದ ವಾಕ್ಯವನ್ನು ಹೊಡೆದುಹಾಕುವ ಹಕ್ಕು ಎದುರು ಗುಂಪಿಗೆ ಇರುತ್ತದೆ, ಅದನ್ನು ಉಳಿಸಿಕೊಳ್ಳಲು ವಾದಿಸುವ ಹಕ್ಕು ಬರೆದವರಿಗೆ. ಒಂದು ಪೀರಿಯಡ್ಡಿನಲ್ಲಿ ಇದು ಮುಗಿಯುವುದಿಲ್ಲ; ಎರಡು ಬೇಕು.